ರೊಟ್ಟಿ ಬಡಿದವಳು ಅವ್ವ, ಬರೆದವರು ಯಾರು?

ಬಾಲ್ಯದ ಬಗ್ಗೆ ಪ್ರಬಂಧ ಬರೆಯಲು ಕೂತಾಗ ನನ್ನ ಮೊದಲ ಸಾಲು ಹೀಗಿತ್ತು: ‘ತಾಯಿಯು ಒಲೆಯ ಮುಂದೆ ಕುಳಿತು ರೊಟ್ಟಿಯನ್ನು ತಟ್ಟುತ್ತಿದ್ದಳು.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಧಾರವಾಡ ಕಡೆಯ ನಮ್ಮ ಮನೆಯಲ್ಲಿ ತಾಯಿ ಇರಲಿಲ್ಲ, ಅವ್ವ ಇದ್ದಳು. ಅವಳು ರೊಟ್ಟಿ ತಟ್ಟುತ್ತಿರಲಿಲ್ಲ, ಬಡಿಯುತ್ತಿದ್ದಳು.

ಅದನ್ನು ಹೊಡೆದುಹಾಕಿ ಊರ ಮಾತಿನಲ್ಲೇ ಬರೆದೆ: ‘ಅವ್ವ ಒಲಿ ಮುಂದ ಕುಂತು ರೊಟ್ಟಿ ಬಡ್ಯಾಕತ್ತಿದ್ಲು.’ ಅಡುಗೆಮನೆ ಕಣ್ಣಿಗೆ ಬಂತು. ಆದರೆ ಎರಡನೇ ಪುಟದಲ್ಲಿ, ಊರು ಬಿಟ್ಟು ಬಂದ ಮೇಲೆ ಅವ್ವನ ಬಗ್ಗೆ ನನಗನ್ನಿಸಿದ್ದನ್ನು ಹೇಳುವಾಗ ಆ ಧಾಟಿ ನಿಲ್ಲಲಿಲ್ಲ. ಆ ಯೋಚನೆಗಳು ನನಗೆ ಊರ ಮಾತಿನಲ್ಲಿ ಹುಟ್ಟಿದವಲ್ಲ. ನನಗೇ ಗೊತ್ತಾಗದಂತೆ ‘ಕುಂತು’ ಹೋಗಿ ‘ಕೂತು’ ಬಂದಿತ್ತು.

ತೊಡಕು ಎಲ್ಲಿದೆ ಎಂದು ಆಗ ತಿಳಿಯಿತು. ಪದಗಳು ಎಲ್ಲಿಂದ ಬಂದರೂ ಸಾಲು ತಾಳಿಕೊಳ್ಳುತ್ತದೆ. ಹೇಳುತ್ತಿರುವವರು ಯಾರೆಂದು ತೋರಿಸುವುದು ಕ್ರಿಯಾಪದದ ಕೊನೆ. ‘ಬಡಿಯುತ್ತಿದ್ದಳು’ ಅಂದರೆ ಇಂದಿನ ನಾನು ನೆನೆಯುತ್ತಿದ್ದೇನೆ. ‘ಬಡ್ಯಾಕತ್ತಿದ್ಲು’ ಅಂದರೆ ಒಲೆಯ ಪಕ್ಕದಲ್ಲಿ ಕೂತ ಹುಡುಗ ಹೇಳುತ್ತಿದ್ದಾನೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಪಾತ್ರಗಳಷ್ಟೇ ಅಲ್ಲ, ನಿರೂಪಣೆಯೂ ನಂಜನಗೂಡು ಸೀಮೆಯ ಮಾತಿನಲ್ಲಿದೆ. ಅಲ್ಲಿ ಕಥೆ ಹೇಳುವ ದನಿಯೇ ಆ ನೆಲದ್ದು. ಪ್ರಬಂಧದಲ್ಲಿ ಹೇಳುವವರು ಬರೆಯುವವರೇ. ಅವರ ಇಂದಿನ ಮಾತು ಯಾವುದೋ ಅದೇ ಚೌಕಟ್ಟಾಗಬೇಕು. ಈಗಲೂ ಊರ ಮಾತಿನಲ್ಲೇ ಯೋಚಿಸುವವರು ಇಡೀ ಪ್ರಬಂಧವನ್ನು ಅದರಲ್ಲೇ ಬರೆಯಲಿ.

ನಾನು ಕೊನೆಗೆ ಉಳಿಸಿಕೊಂಡದ್ದು ಇದು: ‘ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಅವಳ ಮಗ್ಗುಲಲ್ಲೇ ಇದ್ದೆ. “ಹೊಟ್ಟಿ ಹಸದೈತೇನು? ತಡಿ, ಇದೊಂದು ಉಬ್ಬಲಿ” ಅಂದಳು.’ ಕ್ರಿಯಾಪದಗಳ ಕೊನೆ ನನ್ನದು, ‘ಅವ್ವ’, ‘ಬಡಿ’, ‘ಮಗ್ಗುಲು’ ಮನೆಯವು, ಉದ್ಧರಣೆಯೊಳಗಿನದ್ದು ಪೂರ್ತಿ ಅವ್ವನದು. ‘ರೊಟ್ಟಿಯನ್ನು’ ಎಂಬುದರ ‘ಅನ್ನು’ ಬಿಟ್ಟಿದ್ದರಿಂದಲೇ ಸಾಲು ಅರ್ಧ ಹಗುರವಾಯಿತು.

ಕಾಗುಣಿತದ್ದು ಬೇರೆ ಕಷ್ಟ. ‘ಮ್ಯಾಲ’, ‘ಹ್ಯಾಂಗ’ ಎಂಬಲ್ಲಿ ನಾವು ಉಲಿಯುವ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ‘ಯಾ’ ಹಚ್ಚಿ ಹೊಂದಿಸಿಕೊಳ್ಳುತ್ತೇವೆ. ಮೈಸೂರು ಸೀಮೆಯವರು ಮನೆಯೆಂಬ ಅರ್ಥದ ‘ಹಟ್ಟಿ’ಯನ್ನು ನಾಲಿಗೆಯಲ್ಲಿರುವಂತೆ ‘ಅಟ್ಟಿ’ ಎಂದು ಬರೆದರೆ, ಹೊರಗಿನ ಓದುಗ ಯಾರೋ ಯಾರನ್ನೋ ಅಟ್ಟಿದರು ಎಂದುಕೊಂಡಾನು. ಹಾಗಾಗಿ ಪದವೊಂದಕ್ಕೆ ಒಂದೇ ಬರಹರೂಪ ಆರಿಸಿ, ಕೊನೆಯವರೆಗೂ ಅದನ್ನೇ ಇಡಬೇಕು. ಅರ್ಥ ಕೆಡುವಲ್ಲಿ ‘ಹ’ ಉಳಿಸಿಕೊಂಡರೆ ಮಾತಿನ ಸೊಗಡೇನೂ ಹೋಗುವುದಿಲ್ಲ.

ಬರೆದು ಮುಗಿಸಿದ ಮೇಲೆ ಪ್ರಬಂಧವನ್ನು ಗಟ್ಟಿಯಾಗಿ ಓದುತ್ತೇನೆ. ಕಾಗದದ ಮೇಲೆ ‘ಹೋಗಿದ್ದೆನು’ ಎಂದಿದ್ದು, ಬಾಯಿ ತಾನಾಗಿ ‘ಹೋಗಿದ್ದೆ’ ಅಂದರೆ, ಬಾಯಿ ಹೇಳಿದಂತೆ ತಿದ್ದುತ್ತೇನೆ. ಅವ್ವನ ಮಾತು ಬಂದಾಗ ಮಾತ್ರ ನನ್ನ ಬಾಯಿಯನ್ನಲ್ಲ, ಅವಳ ದನಿಯನ್ನು ಕೇಳಿಸಿಕೊಳ್ಳುತ್ತೇನೆ.