ಹೊರಬಾರದೆ ಉಳಿದ ಗಾಳಿ

ಓದುಗರೊಬ್ಬರು ಬರೆದ ಕಾಗದ ಈ ಲೇಖನಕ್ಕೆ ನಿಮಿತ್ತವಾಯಿತು. ಅವರ ತಂದೆಗೆ 72 ವರ್ಷ. ಬೀಡಿ ಸೇದಿದವರಲ್ಲ, ದಮ್ಮಿನ ರೋಗವೂ ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು. ಅಂಗಾತ ಮಲಗಿದ್ದ ಎರಡನೆಯ ದಿನ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು 90 ತೋರಿಸಿತಂತೆ. ನರ್ಸಮ್ಮ ಬಂದು ಮಂಚದ ತಲೆಭಾಗವನ್ನೆತ್ತಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ ಸ್ವಲ್ಪ ಹೊತ್ತಿಗೆ ಅಂಕಿ 94ಕ್ಕೆ ಏರಿತಂತೆ. ‘ಔಷಧವಿಲ್ಲದೆ, ಬರಿಯ ಕೂರಿಸಿದ ಮಾತ್ರಕ್ಕೆ ಆಮ್ಲಜನಕ ಹೆಚ್ಚುವುದೆಂತು? ಮುಪ್ಪಿನಲ್ಲಿ ಶ್ವಾಸಕೋಶ ಒಣಗಿ ಕುಗ್ಗುತ್ತದೆಂಬುದು ನಿಜವೆ?’ ಎಂದು ಅವರು ಕೇಳಿದ್ದಾರೆ.

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ಭ್ರಾಂತಿ ವಿದ್ಯಾವಂತರಲ್ಲಿಯೂ ಬೇರೂರಿದೆ. ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ ಎಂಬಾತನು ಎರಡು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ತನ್ನ ಸ್ಪೈರೋಮೀಟರ್ ಯಂತ್ರದೊಳಕ್ಕೆ ಊದಿಸಿ, ಪೂರ್ತಿ ಉಸಿರೆಳೆದುಕೊಂಡ ಮೇಲೆ ಒಬ್ಬೊಬ್ಬನು ಹೊರಹಾಕಬಲ್ಲ ಗಾಳಿಯ ಪ್ರಮಾಣವನ್ನು ಅಳೆದು, ವಯಸ್ಸು ಏರಿದಂತೆ ಅದು ಇಳಿಯುತ್ತದೆಂದು 1846ರಲ್ಲಿ ಪ್ರಕಟಿಸಿದನು. ಅಳತೆ ಸರಿಯೇ. ಆದರೆ ಆ ಯಂತ್ರವು ಹೊರಬಂದ ಗಾಳಿಯನ್ನು ಮಾತ್ರ ಅಳೆಯಬಲ್ಲದೇ ಹೊರತು, ಎಷ್ಟು ಊದಿದರೂ ಎದೆಯೊಳಗೇ ಉಳಿದುಬಿಡುವ ಗಾಳಿಯನ್ನಲ್ಲ. ಆ ಉಳಿಕೆಯನ್ನು ಬೇರೆ ಉಪಾಯಗಳಿಂದ ಅಳೆದಾಗ ತಿಳಿದುಬಂದ ಸಂಗತಿ ಸ್ವಾರಸ್ಯಕರವಾದುದು: ಮುದುಕನ ಶ್ವಾಸಕೋಶವು ತರುಣನದರಷ್ಟೇ ಗಾಳಿಯನ್ನು ಹಿಡಿಯುತ್ತದೆ. ಇಪ್ಪತ್ತೈದರಲ್ಲಿ ಒಟ್ಟು ಆರು ಲೀಟರು ಹಿಡಿಯುತ್ತಿದ್ದ ಎದೆ ಎಪ್ಪತ್ತರಲ್ಲಿಯೂ ಸುಮಾರು ಅಷ್ಟನ್ನೇ ಹಿಡಿದೀತು. ಆದರೆ ಹೊರಬಾರದೆ ಉಳಿಯುವ ಪಾಲು ಒಂದೂವರೆ ಲೀಟರಿನಿಂದ ಎರಡೂಕಾಲು ಲೀಟರಿನ ಸಮೀಪಕ್ಕೆ ಬೆಳೆದಿರುತ್ತದೆ. ಕುಗ್ಗಿದ್ದು ಚೀಲವಲ್ಲ, ವ್ಯವಹಾರಕ್ಕೆ ಒದಗುವ ಗಾಳಿ.

ಇದಕ್ಕೆ ಕಾರಣ ಶ್ವಾಸಕೋಶದ ಸ್ಥಿತಿಸ್ಥಾಪಕತೆ ಸಡಿಲುವುದು. ಎಳೆದುಬಿಟ್ಟೊಡನೆ ಹಿಂದಕ್ಕೆ ಮುದುಡಿಕೊಳ್ಳುವ ಈ ಗುಣದಿಂದಲೇ ನಾವು ಶ್ರಮವಿಲ್ಲದೆ ಉಸಿರು ಬಿಡುತ್ತೇವೆ. ಅದೇ ಗುಣ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿರುತ್ತದೆ. ಒಂದು ಮಿಲಿಮೀಟರಿಗಿಂತಲೂ ಸಪುರವಾದ ಕೊನೆಯ ಶ್ವಾಸನಾಳಗಳಿಗೆ ಮೃದ್ವಸ್ಥಿಯ ಬಳೆಗಳ ಆಸರೆಯಿಲ್ಲ. ಸುತ್ತಣ ವಾಯುಕೋಶಗಳ ಗೋಡೆಗಳು, ಡೇರೆಯ ಬಟ್ಟೆಯನ್ನು ನಾಲ್ಕು ಕಡೆಯ ಹಗ್ಗಗಳು ಎಳೆದು ನಿಲ್ಲಿಸುವಂತೆ, ಅವನ್ನು ಹೊರಗಡೆಗೆ ಜಗ್ಗಿ ತೆರೆದಿಟ್ಟಿರುತ್ತವೆ. ವಯಸ್ಸಾದಂತೆ ಆ ಗೋಡೆಗಳೊಳಗಣ ಎಳೆಗಳ ವಿನ್ಯಾಸ ಮಾರ್ಪಟ್ಟು, ವಾಯುಕೋಶಗಳು ಹಿಗ್ಗಿ, ಜಗ್ಗು ಸಡಿಲುತ್ತದೆ. ಆಗ ಉಸಿರು ಬಿಡುತ್ತ ಬಂದಂತೆ, ಮುಖ್ಯವಾಗಿ ಶ್ವಾಸಕೋಶದ ತಳಭಾಗದಲ್ಲಿ, ಈ ನಾಳಗಳು ಹಿಂದಿನ ಗಾಳಿ ಇನ್ನೂ ಒಳಗಿರುವಾಗಲೇ ಮುಚ್ಚಿಕೊಂಡುಬಿಡುತ್ತವೆ.

ತಾರುಣ್ಯದಲ್ಲಿ ಈ ಮುಚ್ಚುವಿಕೆ ಆಗುವುದು ಬಲವಂತವಾಗಿ ಕಟ್ಟಕಡೆಯ ತನಕ ಊದಿದರೆ ಮಾತ್ರ. ಆದರೆ ಮುಚ್ಚುವ ಮಟ್ಟ ವರ್ಷವರ್ಷಕ್ಕೂ ಮೇಲೇರುತ್ತ, ಸುಮಾರು 65ರ ಹೊತ್ತಿಗೆ, ಕುಳಿತು ಆಡುವ ಸಾಧಾರಣ ಉಸಿರಿನ ಕೊನೆಯನ್ನೇ ಮುಟ್ಟುತ್ತದೆ. ಅಂಗಾತ ಮಲಗಿದರೋ, ಹೊಟ್ಟೆಯೊಳಗಣ ಅಂಗಗಳು ವಪೆಯನ್ನು ಮೇಲಕ್ಕೆ ಒತ್ತುವುದರಿಂದ, ಉಸಿರು ಬಿಟ್ಟ ಮೇಲೆ ಒಳಗೆ ನಿಲ್ಲುವ ಗಾಳಿ ಮುಕ್ಕಾಲು ಲೀಟರಿನಷ್ಟು ಕಡಿಮೆಯಾಗುತ್ತದೆ. ನಾಳಗಳು ಮುಚ್ಚುವ ಮಟ್ಟ ಮಾತ್ರ ಭಂಗಿಯೊಡನೆ ಹೆಚ್ಚು ಬದಲಾಗದು. ಆದುದರಿಂದ ಮಲಗಿದವನಲ್ಲಿ ಎರಡೂ ಮಟ್ಟಗಳು ಸಂಧಿಸುವುದು 44ರ ಆಸುಪಾಸಿನಲ್ಲೇ! ಎಪ್ಪತ್ತೆರಡರ ಯಜಮಾನರು ಅಂಗಾತ ಮಲಗಿರುವಾಗ ಅವರ ಶ್ವಾಸಕೋಶದ ತಳದ ಹಲವು ದಾರಿಗಳು ಉಸಿರಾಟದ ಬಹುಭಾಗ ಮುಚ್ಚಿಯೇ ಇರುತ್ತವೆ. ಅಲ್ಲಿ ಹರಿದ ರಕ್ತ ಆಮ್ಲಜನಕವನ್ನು ಪಡೆಯದೆ ಹಾಗೆಯೇ ಮರಳಿ ಉಳಿದ ರಕ್ತದೊಡನೆ ಬೆರೆಯುತ್ತದೆ. ಕೂರಿಸಿದೊಡನೆ ವಪೆ ಇಳಿದು, ದಾರಿಗಳು ತೆರೆದುಕೊಂಡವು. ನರ್ಸಮ್ಮನ ದಿಂಬು ಮಾಡಿದ ಕೆಲಸ ಇದು.

ಹಾಗಿದ್ದರೆ ವೃದ್ಧರೆಲ್ಲ ಸದಾ ಏದುತ್ತಿರಬೇಕಲ್ಲವೆ ಎಂದರೆ, ಇಲ್ಲ. ಇಲ್ಲಿಯೇ ರಕ್ತದ ಒಂದು ಔದಾರ್ಯ ಅಡಗಿದೆ. ಆಮ್ಲಜನಕದ ಒತ್ತಡ ತರುಣನ ಧಮನಿಯಲ್ಲಿ ಪಾದರಸದ 95 ಮಿಲಿಮೀಟರಿದ್ದರೆ, ವೃದ್ಧನಲ್ಲಿ 78ರ ಆಸುಪಾಸಿನಲ್ಲಿರಬಹುದು. ಆದರೆ ಹಿಮೋಗ್ಲೋಬಿನ್ನು ಒತ್ತಡ ಇಳಿದಷ್ಟೇ ಪ್ರಮಾಣದಲ್ಲಿ ಆಮ್ಲಜನಕವನ್ನು ಬಿಟ್ಟುಕೊಡುವುದಿಲ್ಲ. ತರುಣನದು ನೂರಕ್ಕೆ 97 ತುಂಬಿದ್ದರೆ ವೃದ್ಧನದು 95. ಆಕ್ಸಿಮೀಟರು ನೋಡಿದವರಿಗೆ ಇಬ್ಬರೂ ಒಂದೇ. ಇನ್ನು ಇಬ್ಬರಿಗೂ ನ್ಯುಮೋನಿಯಾ ತಗಲಿ, ಒತ್ತಡ ಇಪ್ಪತ್ತರಷ್ಟು ಇಳಿಯಿತೆನ್ನಿ. ತರುಣನು 75ಕ್ಕೆ ಬಂದನು. ಅವನ ರಕ್ತ ಇನ್ನೂ ಸುಮಾರು 95 ತುಂಬಿದೆ. ವೃದ್ಧನು 58ಕ್ಕೆ ಬಂದನು. ಅಲ್ಲಿಂದ ಇಳಿಜಾರು ಕಡಿದಾಗುತ್ತದೆ, ರಕ್ತದ ತುಂಬುವಿಕೆ 90ಕ್ಕಿಂತ ಕೆಳಗೆ ಜಾರುತ್ತದೆ. ನಷ್ಟ ಇಬ್ಬರಿಗೂ ಸಮನೇ. ಆದರೆ ಒಬ್ಬನ ಬಳಿ ಮೀಸಲಿತ್ತು, ಇನ್ನೊಬ್ಬನದು ಯಾರಿಗೂ ಕಾಣದಂತೆ ಮೊದಲೇ ವೆಚ್ಚವಾಗಿತ್ತು.

ಮಾಂಸಖಂಡಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಪಕ್ಕೆಲುಬುಗಳನ್ನು ಎದೆಯ ಮೂಳೆಗೆ ಜೋಡಿಸುವ ಮೃದ್ವಸ್ಥಿಗಳಲ್ಲಿ ಸುಣ್ಣ ಸೇರಿ, ಬೆನ್ನು ಬಾಗಿ, ಎದೆಗೂಡು ಬಿರುಸಾಗುತ್ತದೆ. ಅದನ್ನು ಹಿಗ್ಗಿಸಬೇಕಾದ ವಪೆಯೋ ತಾರುಣ್ಯದ ಬಲದಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಂಡಿರುತ್ತದೆ. ಹೊರೆ ಹೆಚ್ಚಿತು, ಹೊರುವವನ ಬಲ ತಗ್ಗಿತು. ಮನೆಯಲ್ಲಿ ಸುಮ್ಮನೆ ಕುಳಿತಾಗ ನಿಮಿಷಕ್ಕೆ ಆರೇಳು ಲೀಟರು ಗಾಳಿ ಸಾಕಾಗುವುದರಿಂದ ಇದು ತಿಳಿಯದು. ಜ್ವರ ಬಂದು ಅದರ ಎರಡು ಮೂರು ಪಾಲು ಬೇಕಾದ ದಿನ ತಿಳಿಯುತ್ತದೆ.

ಇಲ್ಲಿ ಸ್ವಲ್ಪ ಗದರಬೇಕಾಗಿದೆ. ಮನುಷ್ಯನು ದಿನಕ್ಕೆ 21,600 ಬಾರಿ ಉಸಿರಾಡುತ್ತಾನೆಂದು ನಮ್ಮ ಯೋಗಶಾಸ್ತ್ರ ಗಣಿಸಿದೆ. ನಿಮಿಷಕ್ಕೆ ಹದಿನೈದಾಯಿತು, ಲೆಕ್ಕ ಮೆಚ್ಚತಕ್ಕದ್ದೇ. ಆದರೆ ಇದರ ಬೆನ್ನಿಗೆ, ಬ್ರಹ್ಮನು ಹಣೆಯಲ್ಲಿ ಬರೆದ ಉಸಿರುಗಳ ಸಂಖ್ಯೆ ಮುಗಿದರೆ ಆಯುಸ್ಸು ಮುಗಿಯಿತೆಂಬ ನಂಬಿಕೆಯೊಂದನ್ನು ಕಟ್ಟಿಕೊಂಡು, ‘ಅಜ್ಜನಿಗೆ ಏದುಸಿರು ಬರಿಸಬೇಡಿ, ಮೆಟ್ಟಿಲು ಹತ್ತಿಸಬೇಡಿ’ ಎಂದು ಹಿರಿಯರನ್ನು ಮೂಲೆಯ ಮಂಚಕ್ಕೆ ಕಟ್ಟಿಹಾಕುವ ಮನೆಗಳನ್ನು ನಾನು ಬಲ್ಲೆ. ಉಸಿರನ್ನು ಹೀಗೆ ಕೂಡಿಡಲು ಬಾರದು. ನಡೆದಾಡುವುದರಿಂದ ಸಡಿಲಿದ ಎಳೆಗಳು ಮತ್ತೆ ಬಿಗಿಯಾಗವು, ನಿಜ. ಆದರೆ ದುಡಿಸಿದ ಮಾಂಸಖಂಡ ಬಲವನ್ನು ಉಳಿಸಿಕೊಳ್ಳುತ್ತದೆ, ಮಂಚ ಹಿಡಿದವನದು ಕೆಲವೇ ದಿನಗಳಲ್ಲಿ ಸೊರಗುತ್ತದೆ.

ಇನ್ನೂ ಒಂದು ಸಂಗತಿಯುಂಟು, ಅದು ಮೋಸಗೊಳಿಸುವಂಥದು. ರಕ್ತದಲ್ಲಿ ಆಮ್ಲಜನಕ ತಗ್ಗಿದಾಗ ಉಸಿರಾಟವನ್ನು ಚುರುಕುಗೊಳಿಸುವ ನರಗಳ ಎಚ್ಚರಿಕೆ ಮುಪ್ಪಿನಲ್ಲಿ ಬಹುಮಟ್ಟಿಗೆ ಮಂದವಾಗಿರುತ್ತದೆ. ಉಸಿರು ಸಾಲದೆಂಬ ಭಾವವೂ ಹಾಗೆಯೇ. ಆದುದರಿಂದ ‘ನನಗೇನೂ ಇಲ್ಲಪ್ಪ, ಚೆನ್ನಾಗಿದ್ದೇನೆ’ ಎಂಬ ಅಜ್ಜನ ಮಾತನ್ನು ಪ್ರಮಾಣವಾಗಿ ಹಿಡಿಯಲಾಗದು. ಜ್ವರ ಏರದೆ, ಕೆಮ್ಮು ಜೋರಾಗದೆ, ಬರಿಯ ಮಂಕು ಅಥವಾ ತಬ್ಬಿಬ್ಬು ಮಾತಿನಿಂದಲೇ ನ್ಯುಮೋನಿಯಾ ತಲೆದೋರುವುದುಂಟು. ಮನೆಯವರು ಮಾಡಬಹುದಾದುದು ಇಷ್ಟು: ಅವರಿಗೆ ತಿಳಿಸದೆ, ಏಕೆಂದರೆ ಎಣಿಸುತ್ತಾರೆಂದು ತಿಳಿದರೆ ಉಸಿರಿನ ಗತಿಯೇ ಬದಲಾಗುತ್ತದೆ, ಹೊದಿಕೆಯ ಏರಿಳಿತವನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುವುದು. ಸುಮ್ಮನೆ ಮಲಗಿರುವಾಗಲೂ ಎಣಿಕೆ 25ನ್ನು ದಾಟಿದರೆ, ಆಕ್ಸಿಮೀಟರಿನ ಅಂಕಿ ಇನ್ನೂ ಸಮಾಧಾನಕರವಾಗಿಯೇ ಕಂಡರೂ, ಅವರನ್ನು ಎತ್ತಿ ಕೂರಿಸಿ, ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕರೆಯಬೇಕು.