650 ವ್ಯಾಟ್ ಕಂಪ್ಯೂಟರ್ ನಿಜಕ್ಕೂ ಎಷ್ಟು ಕರೆಂಟ್ ಎಳೆಯುತ್ತದೆ?

ತುಮಕೂರಿನ ಓದುಗರೊಬ್ಬರ ಪ್ರಶ್ನೆ ಇದು: 'ಮಗನಿಗೆ ಡೆಸ್ಕ್‌ಟಾಪ್ ಜೋಡಿಸಿಕೊಟ್ಟಿದ್ದೇವೆ. ಒಳಗಿನ ಪವರ್ ಸಪ್ಲೈ ಮೇಲೆ 650 ವ್ಯಾಟ್ ಎಂದಿದೆ. ದಿನಕ್ಕೆ ಹತ್ತು ಗಂಟೆ ಬಳಸಿದರೆ ಆರೂವರೆ ಯುನಿಟ್, ತಿಂಗಳಿಗೆ 195. ಗೃಹಜ್ಯೋತಿಯ 200 ಯುನಿಟ್ ಇದೊಂದಕ್ಕೇ ಮುಗಿಯುತ್ತದಲ್ಲ?'

ಗುಣಾಕಾರ ಸರಿಯಾಗಿದೆ, ಗುಣಿಸಿದ ಸಂಖ್ಯೆ ಮಾತ್ರ ಬೇರೆಯದು. ಅಟ್ಟದ ಮೇಲೆ ಹತ್ತು ಸೇರಿನ ಕೊಳದಪ್ಪಲೆ ಇದೆ ಎಂದ ಮಾತ್ರಕ್ಕೆ ಮನೆಯಲ್ಲಿ ದಿನಾ ಹತ್ತು ಸೇರು ಅಕ್ಕಿ ಬೇಯುವುದಿಲ್ಲ. 650 ಎನ್ನುವುದು ಆ ಪವರ್ ಸಪ್ಲೈ ಒಳಗಿನ ಭಾಗಗಳಿಗೆ ಗರಿಷ್ಠ ಎಷ್ಟು ಒದಗಿಸಬಲ್ಲದು ಎಂಬ ಲೆಕ್ಕ. ಗೋಡೆಯ ಪ್ಲಗ್ಗಿನಿಂದ ಎಷ್ಟು ಎಳೆಯುತ್ತದೆ ಎಂಬುದು ಆ ಹೊತ್ತಿಗೆ ಏನು ಕೆಲಸ ನಡೆದಿದೆ ಎಂಬುದರ ಮೇಲೆ ನಿಂತಿದೆ. ಅದರ ಜೊತೆಗೆ ಪವರ್ ಸಪ್ಲೈ ತಾನೇ ಬಿಸಿಯಾಗಿ ಕಳೆಯುವ ಪಾಲೂ ಸೇರುತ್ತದೆ. ಒಳಗೆ 100 ವ್ಯಾಟ್ ಬೇಕಿದ್ದು, ಸಪ್ಲೈ ದಕ್ಷತೆ ಶೇ 85 ಇದ್ದರೆ ಗೋಡೆಯಿಂದ ಹೋಗುವುದು ಸುಮಾರು 118 ವ್ಯಾಟ್. ಕಂಪ್ಯೂಟರಿನ ಒಳಗೇ ಕೂತು ವ್ಯಾಟ್ ತೋರಿಸುವ ತಂತ್ರಾಂಶಗಳಿಗೆ ಈ ನಷ್ಟ ಕಾಣುವುದಿಲ್ಲ, ಮಾನಿಟರ್ ಅಂತೂ ಕಾಣುವುದೇ ಇಲ್ಲ. ಬಿಲ್ ಬರುವುದು ಗೋಡೆಯಲ್ಲಿ ಹೋದದ್ದಕ್ಕೆ. ಆದ್ದರಿಂದ ಅಳೆಯಬೇಕಾದದ್ದೂ ಅಲ್ಲೇ. ಅದಕ್ಕೆಂದೇ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರ್‌ಗಳು ಅಂಗಡಿಯಲ್ಲಿ ಸಿಗುತ್ತವೆ.

ಕರೆಂಟಿಗೆ ಲೆಕ್ಕ ಇಡುವ ಕೆಲಸ ತೂಕದ ತಕ್ಕಡಿಯಿಂದ ಶುರುವಾಯಿತು. 1880ರ ದಶಕದಲ್ಲಿ ಎಡಿಸನ್ ತನ್ನ ಗಿರಾಕಿಗಳ ಮನೆಯಲ್ಲಿಟ್ಟ ಮೀಟರಿನಲ್ಲಿ ಮುಳ್ಳೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಸತುವಿನ ಲವಣದ ದ್ರಾವಣದಲ್ಲಿ ಮುಳುಗಿದ ಸತುವಿನ ಫಲಕಗಳಿದ್ದವು ಅಷ್ಟೇ. ಕರೆಂಟ್ ಹರಿದಂತೆಲ್ಲ ಒಂದು ಫಲಕದ ಸತು ಇನ್ನೊಂದಕ್ಕೆ ಹೋಗಿ ಕೂರುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯವರು ಫಲಕ ಬಿಚ್ಚಿಕೊಂಡು ಹೋಗಿ ತೂಗಿ ಬಿಲ್ ಬರೆಯುತ್ತಿದ್ದರು. ಗಿರಾಕಿಗೆ ತಾನು ಎಷ್ಟು ಬಳಸಿದೆ ಎಂದು ನೋಡಿಕೊಳ್ಳುವ ದಾರಿಯೇ ಇರಲಿಲ್ಲ! ಆ ಮೀಟರ್ ಅಳೆಯುತ್ತಿದ್ದುದು ಹರಿದ ಕರೆಂಟನ್ನು ಮಾತ್ರ. ಎಡಿಸನ್ನನದು ನೇರ ವಿದ್ಯುತ್, ವೋಲ್ಟೇಜ್ ಹೆಚ್ಚುಕಡಿಮೆ ಸ್ಥಿರ. ಹಾಗಾಗಿ ಅದು ನಡೆಯಿತು.

ಪರ್ಯಾಯ ವಿದ್ಯುತ್ ಬಂದ ಮೇಲೆ ಅದು ನಡೆಯದಾಯಿತು. ಇಲ್ಲಿ ವೋಲ್ಟೇಜ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದು ಏರಿದ ಹೊತ್ತಿಗೇ ಕರೆಂಟೂ ಏರಿದರೆ ಅಷ್ಟೂ ಕೆಲಸಕ್ಕೆ ಬರುತ್ತದೆ. ಎರಡೂ ಹೊಂದದಿದ್ದರೆ ತಂತಿಯಲ್ಲಿ ಕರೆಂಟ್ ಓಡಾಡಿದರೂ ಅದರಲ್ಲೊಂದು ಪಾಲು ಕೆಲಸ ಮಾಡದೆ ಹಿಂದಿರುಗುತ್ತದೆ. 1889ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಒಟ್ಟೊ ಬ್ಲಾಥಿ ಪೇಟೆಂಟ್ ಪಡೆದ ಮೀಟರ್ ಈ ಹೊಂದಾಣಿಕೆಯನ್ನೂ ಸೇರಿಸಿ ಅಳೆಯಿತು. ನಮ್ಮ ಹಳೆಯ ಮನೆಗಳ ಮೀಟರಿನಲ್ಲಿ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆ ಅದೇ ವಂಶದ್ದು. ಈಗಿನ ಪ್ಲಗ್ ಮೀಟರಿನ ಚಿಪ್ ಸೆಕೆಂಡಿಗೆ ಸಾವಿರಾರು ಸಲ ಆ ಕ್ಷಣದ ವೋಲ್ಟೇಜನ್ನು ಆ ಕ್ಷಣದ ಕರೆಂಟಿನಿಂದ ಗುಣಿಸಿ ಸರಾಸರಿ ತೆಗೆಯುತ್ತದೆ.

ಕಂಪ್ಯೂಟರಿಗೆ ಇದು ಮುಖ್ಯ. ಅಗ್ಗದ ಪವರ್ ಸಪ್ಲೈಗಳು ವೋಲ್ಟೇಜ್ ಅಲೆಯ ತುದಿಯಲ್ಲಿ ಮಾತ್ರ ಗಬಕ್ಕನೆ ಕರೆಂಟ್ ಎಳೆದು ಉಳಿದ ಹೊತ್ತು ಸುಮ್ಮನಿರುತ್ತವೆ. ಎಲೆಕ್ಟ್ರಿಷಿಯನ್ ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ 230ರಿಂದ ಗುಣಿಸಿದರೆ ನಿಜಕ್ಕಿಂತ ಬಹಳ ದೊಡ್ಡ ಸಂಖ್ಯೆ ಬರಬಹುದು. ಆ ಗುಣಲಬ್ಧ ವಿಎ, ವ್ಯಾಟ್ ಅಲ್ಲ. ಮನೆಯ ಬಿಲ್ ವ್ಯಾಟಿನ ಲೆಕ್ಕದ್ದು. 'ಕರೆಂಟ್ ಉಳಿಸುವ ಪೆಟ್ಟಿಗೆ' ಎಂದು ಜಾಹೀರಾತಿನಲ್ಲಿ ಬರುವ ಸರಕಿನ ಕೈಚಳಕವೂ ಇಲ್ಲೇ ಇದೆ. ಒಳಗಿನ ಕೆಪಾಸಿಟರ್ ಫ್ಯಾನು, ಮೋಟಾರುಗಳ ಆಂಪಿಯರ್ ಇಳಿಸಿ ತೋರಿಸುತ್ತದೆ, ನೋಡಿದವರು ಬೆರಗಾಗುತ್ತಾರೆ. ವ್ಯಾಟ್ ಇದ್ದಲ್ಲೇ ಇರುತ್ತದೆ, ಬಿಲ್ಲೂ ಇದ್ದಷ್ಟೇ ಬರುತ್ತದೆ.

ಇನ್ನು ಅಳೆಯುವ ಕೆಲಸ. ಮೀಟರನ್ನು ಗೋಡೆಯ ಸಾಕೆಟ್ಟಿಗೆ ಹಾಕಿ, ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಿ. ಆಗ ಮಾನಿಟರ್, ಸ್ಪೀಕರ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಡುವೆ ಯುಪಿಎಸ್ ಇದ್ದರೆ ಕರೆಂಟ್ ಹೋಗಿ ಬಂದ ಮೇಲಿನ ಕೆಲವು ಗಂಟೆಗಳ ಅಂಕಿಯಲ್ಲಿ ಬ್ಯಾಟರಿ ತುಂಬುವ ಖರ್ಚೂ ಕೂಡಿರುತ್ತದೆ ಎಂಬುದು ನೆನಪಿರಲಿ. ಶುರುಮಾಡುವ ಮೊದಲು ಮೀಟರನ್ನು ಒಮ್ಮೆ ಕಿತ್ತು ಮತ್ತೆ ಹಾಕಿ ನೋಡಿ. ಕೆಲವು ಮೀಟರ್‌ಗಳು ಕರೆಂಟ್ ಹೋದೊಡನೆ ಕೂಡಿಟ್ಟ ಯುನಿಟ್ ಮರೆತು ಸೊನ್ನೆಗೆ ಬರುತ್ತವೆ. ಅಂಥದ್ದಾದರೆ ಅಂಕಿಯನ್ನು ದಿನಾ ಬರೆದಿಡಬೇಕು.

ಓದುಗರ ಮನೆಯಂಥ ಒಂದು ಯಂತ್ರವನ್ನೇ ತೆಗೆದುಕೊಳ್ಳೋಣ: ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್, 24 ಇಂಚಿನ ಮಾನಿಟರ್. ಪಾಠ, ಬ್ರೌಸಿಂಗ್, ವಿಡಿಯೊ ನಡೆದಾಗ ಇಂಥ ಜೋಡಿ 80 ವ್ಯಾಟಿನ ಆಸುಪಾಸಿನಲ್ಲಿರುತ್ತದೆ. ಭಾರಿ ಗೇಮ್ ಹಾಕಿದರೆ 260ಕ್ಕೆ ಜಿಗಿಯುತ್ತದೆ. ಮಾನಿಟರ್ ಕಪ್ಪಾಗಿ, ಪೆಟ್ಟಿಗೆ ಮಾತ್ರ ಸುಮ್ಮನೆ ಓಡುತ್ತಿದ್ದರೆ 55. ಸ್ಲೀಪ್‌ಗೆ ಹೋದರೆ ಮೂರು ವ್ಯಾಟ್ ಇದ್ದೀತು.

ಎಂಟು ಗಂಟೆ ಪಾಠಕ್ಕೆ 0.64 ಯುನಿಟ್. ಎರಡು ಗಂಟೆ ಗೇಮಿಗೆ 0.52. ಹತ್ತು ಗಂಟೆಯ ಲೆಕ್ಕ ಇಲ್ಲಿಗೆ ಮುಗಿಯಿತು ಎಂದುಕೊಂಡರೆ, ರಾತ್ರಿ ಡೌನ್‌ಲೋಡ್‌ಗೆಂದು ಮಗ ಆಫ್ ಮಾಡದೆ ಮಲಗಿದ್ದಾನೆ. ಉಳಿದ ಹದಿನಾಲ್ಕು ಗಂಟೆ 55 ವ್ಯಾಟಿನಂತೆ 0.77 ಯುನಿಟ್. ಅಪ್ಪ ಬೈಯುವ ಗೇಮಿಗಿಂತ ಯಾರೂ ನೋಡದ ಕಪ್ಪು ಪರದೆಯದೇ ಹೆಚ್ಚು ಖರ್ಚು! ಒಟ್ಟು ದಿನಕ್ಕೆ 1.93, ತಿಂಗಳಿಗೆ 58 ಯುನಿಟ್. ತೆರಿಗೆ, ಸರ್‌ಚಾರ್ಜ್ ಸೇರಿ ಯುನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೆ 406 ರೂಪಾಯಿ. ನಿಮ್ಮ ಬಿಲ್ಲಿನ ದರ ಬೇರೆ ಇದ್ದರೆ ಅದನ್ನೇ ಹಾಕಿ. ಆದರೆ ನಿಗದಿತ ಶುಲ್ಕವನ್ನು ಇದರಲ್ಲಿ ಸೇರಿಸಬೇಡಿ, ಕಂಪ್ಯೂಟರ್ ಇದ್ದರೂ ಇಲ್ಲದಿದ್ದರೂ ಅದು ಬರುವಂಥದ್ದೇ.

ನಿಮ್ಮ ಮನೆಯ ಲೆಕ್ಕಕ್ಕೆ ಆ ಕ್ಷಣದ ವ್ಯಾಟ್ ನೋಡಿ ಅಂದಾಜು ಮಾಡುವುದಕ್ಕಿಂತ, ಭಾನುವಾರವೂ ಸೇರಿದ ಒಂದು ಪೂರ್ತಿ ವಾರದ ಯುನಿಟ್ ಕೂಡಿಸಿ ಏಳರಿಂದ ಭಾಗಿಸಿ ಮೂವತ್ತರಿಂದ ಗುಣಿಸುವುದು ಮೇಲು. ಈ ಪುಟ್ಟ ಮೀಟರ್‌ಗಳ ದೌರ್ಬಲ್ಯವಿರುವುದು ತಳದ ಅಂಕಿಗಳಲ್ಲಿ. ಐದು ವ್ಯಾಟಿಗಿಂತ ಕೆಳಗೆ ಅಗ್ಗದವು ಸೊನ್ನೆ ತೋರಿಸಬಹುದು, ಇಲ್ಲವೇ ತಡವರಿಸಬಹುದು. ಸ್ಲೀಪ್ ಅಳೆಯಬೇಕಿದ್ದರೆ ಅದೇ ಬೋರ್ಡಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿ, ಅದು ಸ್ವಲ್ಪ ಬಿಸಿಯಾದ ಮೇಲೆ ಅಂಕಿ ಬರೆದುಕೊಳ್ಳಿ. ಆಮೇಲೆ ನಿದ್ರಿಸುತ್ತಿರುವ ಕಂಪ್ಯೂಟರನ್ನೂ ಸೇರಿಸಿ, ಎರಡರ ವ್ಯತ್ಯಾಸ ತೆಗೆಯಿರಿ.

ರಾತ್ರಿ ಸ್ಲೀಪ್ ಮಾಡಿದರೆ ಆ 0.77 ಯುನಿಟ್ 0.04ಕ್ಕೆ ಇಳಿದು ತಿಂಗಳಿಗೆ 22 ಯುನಿಟ್ ಉಳಿಯುತ್ತದೆ. ಹಣದಲ್ಲಿ 150 ರೂಪಾಯಿಯ ಆಸುಪಾಸು. ಆದರೆ ಮನೆಯ ಒಟ್ಟು ಬಳಕೆ 190–210ರ ನಡುವೆ ತೂಗಾಡುತ್ತಿದ್ದರೆ ಇದೇ 22 ಯುನಿಟ್ ದೊಡ್ಡದು. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಸ್ಲೀಪ್ ಹೊಂದಿಸಿಟ್ಟರೂ ಬೆಳಿಗ್ಗೆ ಎದ್ದು ನೋಡಿದಾಗ ಮೀಟರ್ 55ರಲ್ಲೇ ನಿಂತಿರುವುದುಂಟು. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಕೊಡಿ:

```
powercfg /requests
```

ನಿದ್ದೆಗೆ ಅಡ್ಡಿಯಾಗಿರುವ ಪ್ರೋಗ್ರಾಂ ಯಾವುದೆಂದು ಅದು ಹೆಸರಿಟ್ಟು ಹೇಳುತ್ತದೆ. ಎಷ್ಟೋ ಸಲ ಅದು ಬ್ರೌಸರಿನಲ್ಲಿ ಮುಚ್ಚಲು ಮರೆತ ಒಂದು ವಿಡಿಯೊ ಆಗಿರುತ್ತದೆ.