ಶೋರೂಮಿನ ಸಾಲ: ಕಂತಿನೊಳಗೆ ಏನೇನು ಸೇರಿದೆ?

ಸ್ಕೂಟರ್ ಶೋರೂಮಿನಲ್ಲಿ ಸಾಲದ ಮಾತು ಸಾಮಾನ್ಯವಾಗಿ ತಿಂಗಳ ಕಂತಿನಿಂದಲೇ ಶುರುವಾಗುತ್ತದೆ. ‘ಮುಂಗಡ ಇಷ್ಟು ಕಟ್ಟಿ, ತಿಂಗಳಿಗೆ ಮೂರೂವರೆ ಸಾವಿರ ಬರುತ್ತದೆ’ ಎಂಬಲ್ಲಿಗೆ ಮಾತು ಮುಗಿದರೆ ಗಾಡಿಯ ಬೆಲೆ, ವಿಮೆ, ಬಿಡಿಭಾಗ, ಬಡ್ಡಿ ಎಲ್ಲವೂ ಆ ಒಂದು ಸಂಖ್ಯೆಯಲ್ಲಿ ಕರಗಿಹೋಗುತ್ತವೆ. ವ್ಯಾಪಾರಿಗೆ ಗಾಡಿಯ ಲಾಭವಷ್ಟೇ ಅಲ್ಲ, ಸಾಲ ಕೊಡಿಸಿದ್ದಕ್ಕೆ ಫೈನಾನ್ಸ್ ಕಂಪನಿಯಿಂದಲೂ ವಿಮೆ ಮಾಡಿಸಿದ್ದಕ್ಕೆ ವಿಮಾ ಕಂಪನಿಯಿಂದಲೂ ಹಣ ಬರುವುದುಂಟು. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಆದರೆ ಗ್ರಾಹಕನಿಗೆ ಅಗ್ಗವಾದ ಸಾಲವನ್ನೇ ವ್ಯಾಪಾರಿ ತೋರಿಸುತ್ತಾನೆ ಎಂದು ನಂಬಲು ಕಾರಣವೂ ಇಲ್ಲ.

ಒಂದು ಕಾಲ್ಪನಿಕ ಕೊಟೇಶನ್ ನೋಡಬಹುದು. 125 ಸಿಸಿಗಿಂತ ಕಡಿಮೆ ಶಕ್ತಿಯ ಸ್ಕೂಟರ್‌ಗೆ ಎಕ್ಸ್ ಶೋರೂಮ್ ಬೆಲೆ 92,000 ರೂಪಾಯಿ. ತೆರಿಗೆ ಮತ್ತು ನೋಂದಣಿಗೆ 13,500, ವಿಮೆಗೆ 9,800, ಬಿಡಿಭಾಗಗಳಿಗೆ 4,500, ಹೆಚ್ಚುವರಿ ವಾರಂಟಿಗೆ 1,800, ‘ಹ್ಯಾಂಡ್ಲಿಂಗ್’ ಎಂದು 1,400. ಆನ್‌ರೋಡ್ ಬೆಲೆ 1,23,000 ಆಯಿತು. ಗ್ರಾಹಕ 28,000 ಮುಂಗಡ ಕೊಟ್ಟರೆ ಉಳಿಯುವುದು 95,000. ಆದರೆ ಸಾಲದ ಪತ್ರದಲ್ಲಿ ಇರುವುದು ಒಂದು ಲಕ್ಷ.

ಆ ಐದು ಸಾವಿರ ಎಲ್ಲಿಂದ ಬಂತು? ಪ್ರೊಸೆಸಿಂಗ್ ಮತ್ತು ದಾಖಲೆ ಶುಲ್ಕ 2,600, ಸಾಲಗಾರನ ಮೇಲೆ ಮಾಡಿಸಿದ ಸಾಲ ರಕ್ಷಣೆ ವಿಮೆ 2,400. ಇವೆರಡೂ ಶೋರೂಮಿನ ಕೊಟೇಶನ್‌ನಲ್ಲಿ ಕಾಣುವುದಿಲ್ಲ, ಸಾಲದ ಮೊತ್ತಕ್ಕೇ ಸೇರಿಬಿಡುತ್ತವೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಕಂತಿನದಲ್ಲ: ‘ಸಾಲ ಎಷ್ಟು, ಅದರಲ್ಲಿ ಶೋರೂಮಿನ ಖಾತೆಗೆ ಜಮೆಯಾಗುವುದೆಷ್ಟು?’ ಈ ಎರಡರ ನಡುವಿನ ಅಂತರವೇ ಸಾಲದ ಮೇಲೆ ಹೇರಿದ ಖರ್ಚು.

ಎರಡನೆಯದು ಬಡ್ಡಿ. ‘ಕೇವಲ ಶೇ 9’ ಎಂದು ಹೇಳಿದಾಗ ಅದು ಫ್ಲಾಟ್ ದರವೋ ಇಳಿಕೆ ಬಾಕಿಯ ಮೇಲಿನ ದರವೋ ಎಂದು ಕೇಳಬೇಕು. ಫ್ಲಾಟ್ ಲೆಕ್ಕದಲ್ಲಿ ಅಸಲು ತಿಂಗಳು ತಿಂಗಳೂ ತೀರುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ ಒಂದು ಲಕ್ಷದ ಮೇಲೆ ಬೀಳುತ್ತದೆ. ಮೂರು ವರ್ಷಕ್ಕೆ 27,000 ಬಡ್ಡಿ ಸೇರಿ 1,27,000 ಆಗುತ್ತದೆ; 36 ಕಂತುಗಳಾಗಿ ಹಂಚಿದರೆ ತಿಂಗಳಿಗೆ 3,528. ಇಳಿಕೆ ಬಾಕಿಯ ಲೆಕ್ಕಕ್ಕೆ ತಂದರೆ ಇದು ಸುಮಾರು ಶೇ 16. ಇನ್ನು, ಗ್ರಾಹಕನ ಕೆಲಸಕ್ಕೆ ನಿಜವಾಗಿ ಬಂದದ್ದು 95,000 ಮಾತ್ರವಾದ್ದರಿಂದ ಶುಲ್ಕಗಳನ್ನೂ ಲೆಕ್ಕಕ್ಕೆ ಹಿಡಿದರೆ ದರ ಹತ್ತಿರ ಹತ್ತಿರ ಶೇ 20 ಮುಟ್ಟುತ್ತದೆ. ಫೋನಿನ ಎಕ್ಸೆಲ್ ಹಾಳೆಯಲ್ಲಿ ಒಂದೇ ಸಾಲಿನಿಂದ ಇದನ್ನು ಪರೀಕ್ಷಿಸಬಹುದು:

```
=RATE(36,-3528,95000)*12
```

ಇದೇ ಲೆಕ್ಕವನ್ನು ಸಾಲ ಕೊಡುವವರೇ ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಒಪ್ಪಂದಕ್ಕೆ ಮೊದಲೇ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅದರಲ್ಲಿ ‘ಎಪಿಆರ್’ ಎಂಬ ವಾರ್ಷಿಕ ದರ ಇರುತ್ತದೆ. ಸಾಲ ಕೊಡುವವರು ಬೇರೆಯವರ ಪರವಾಗಿ ವಸೂಲು ಮಾಡುವ ವಿಮಾ ಕಂತಿನಂಥ ಖರ್ಚುಗಳೂ ಆ ದರದೊಳಗೆ ಸೇರಬೇಕು. ಹಾಳೆಯಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ವಾಹನ ಸಾಲದಂಥ ದೀರ್ಘ ಅವಧಿಯ ಸಾಲಕ್ಕೆ ಈ ಹಾಳೆಯ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಊರ್ಜಿತದಲ್ಲಿರಬೇಕು. ಅಂದರೆ ಮನೆಗೆ ಒಯ್ದು ಓದಿ, ಸಂಬಳದ ಖಾತೆಯಿರುವ ಬ್ಯಾಂಕಿನ ದರದೊಂದಿಗೆ ಹೋಲಿಸಲು ಸಮಯವಿದೆ. ಆಯುಧಪೂಜೆಯ ದಿನವೇ ಗಾಡಿ ಮನೆಗೆ ಬರಬೇಕೆಂಬ ಆತುರದಲ್ಲಿ ಈ ಮೂರು ದಿನ ಬಿಟ್ಟುಕೊಡುವವರೇ ಹೆಚ್ಚು.

ವಿಮೆಯಲ್ಲಿ ಚೌಕಾಸಿ ಮಾಡಲಾಗದ ಭಾಗವೂ ಇದೆ, ಮಾಡಬಹುದಾದ ಭಾಗವೂ ಇದೆ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಕಾರಿಗಾದರೆ ಮೂರು ವರ್ಷ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ಪ್ರಕಾರ 75ರಿಂದ 150 ಸಿಸಿ ವಾಹನಕ್ಕೆ ಐದು ವರ್ಷಕ್ಕೆ 3,851 ರೂಪಾಯಿ; ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 4,544. ಯಾವ ಕಂಪನಿಯಲ್ಲಿ ಕೇಳಿದರೂ ಇದು ಬದಲಾಗುವುದಿಲ್ಲ. ಹಾಗಾಗಿ 9,800ರಲ್ಲಿ ಪ್ರಶ್ನಿಸಬೇಕಾದದ್ದು ಉಳಿದ ಸುಮಾರು 5,250 ರೂಪಾಯಿಯನ್ನು: ಗಾಡಿಗೆ ಆಗುವ ಹಾನಿಯ ವಿಮೆ, ಮಾಲೀಕನ 15 ಲಕ್ಷದ ಅಪಘಾತ ವಿಮೆ, ಬಂಪರ್ ಟು ಬಂಪರ್‌ನಂಥ ಆಡ್‌ಆನ್‌ಗಳು. ಅಪಘಾತ ವಿಮೆ ಬೇರೆಡೆ ಈಗಾಗಲೇ ಅಷ್ಟು ಮೊತ್ತಕ್ಕೆ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ. ಹಾನಿಯ ವಿಮೆಯನ್ನೂ ಒಟ್ಟಿಗೇ ಐದು ವರ್ಷಕ್ಕೆ ಮಾಡಿಸಬೇಕು ಎಂದರೆ ಅದು ಸರಿಯಲ್ಲ. 2020ರ ಆಗಸ್ಟ್‌ನಿಂದ ಒಂದು ವರ್ಷಕ್ಕೆ ಮಾಡಿಸಿದರೂ ಸಾಕು.

ಶೋರೂಮಿನ ಹೊರಗೆ ವಿಮೆ ಕೊಳ್ಳುವುದಕ್ಕೆ ತಡೆಯಿಲ್ಲ. ವಾಹನ ವ್ಯಾಪಾರಿಗಳು ವಿಮೆ ಮಾರುವ ಬಗ್ಗೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ ಗ್ರಾಹಕನನ್ನು ಬಲವಂತಪಡಿಸುವಂತಿಲ್ಲ. ಸಾಲ ಕೊಟ್ಟವರು ವಿಮೆ ಇರಲೇಬೇಕು, ತಮ್ಮ ಹೆಸರು ಪಾಲಿಸಿಯಲ್ಲಿ ನಮೂದಾಗಬೇಕು ಎನ್ನಬಹುದು, ಅದು ನ್ಯಾಯವೇ. ಆದರೆ ಇಲ್ಲೊಂದು ಪ್ರಾಯೋಗಿಕ ತೊಡಕಿದೆ: ಪಾಲಿಸಿಗೆ ಎಂಜಿನ್ ಮತ್ತು ಚಾಸಿ ಸಂಖ್ಯೆ ಬೇಕು, ಅವು ಸಿಗುವುದು ಗಾಡಿ ಹಂಚಿಕೆಯಾದ ಮೇಲೆ. ಅವನ್ನು ಎರಡು ದಿನ ಮೊದಲೇ ಕೇಳಿ ಪಡೆಯದಿದ್ದರೆ ಕೊನೆಗೆ ಶೋರೂಮಿನ ಪಾಲಿಸಿಯೇ ಗತಿ. ‘ಹೊರಗಿನ ವಿಮೆಗೆ ನಮ್ಮಲ್ಲಿ ಕ್ಯಾಶ್‌ಲೆಸ್ ಇಲ್ಲ’ ಎಂದರೆ ಆ ಸರ್ವೀಸ್ ಸೆಂಟರ್ ಯಾವ ಯಾವ ಕಂಪನಿಗಳ ಜಾಲದಲ್ಲಿದೆ ಎಂದು ಕೇಳಿ, ಆ ಪೈಕಿ ಕಡಿಮೆ ದರದ್ದನ್ನು ಆರಿಸಬಹುದು.

ತೆರಿಗೆಯ ಸಾಲಿನಲ್ಲಿ ಒಟ್ಟು ಮೊತ್ತವನ್ನಷ್ಟೇ ಬರೆದು ‘ಆರ್‌ಟಿಒ’ ಎನ್ನುವುದು ವಾಡಿಕೆ. ಅದರೊಳಗಿನ ನೋಂದಣಿ ಶುಲ್ಕ ಬೈಕು ಸ್ಕೂಟರ್‌ಗಳಿಗೆ 300, ಸಾಲವನ್ನು ಆರ್‌ಸಿಯಲ್ಲಿ ದಾಖಲಿಸಲು 500; ಉಳಿದದ್ದು ಹೆಚ್ಚಾಗಿ ಜೀವಿತಾವಧಿ ತೆರಿಗೆ. ಸರ್ಕಾರಿ ರಸೀದಿಯ ಮೊತ್ತಕ್ಕೂ ಕೊಟೇಶನ್‌ಗೂ ವ್ಯತ್ಯಾಸವಿದ್ದರೆ ಅದು ಶೋರೂಮಿಗೆ ಸೇರಿದ್ದು. ‘ಹ್ಯಾಂಡ್ಲಿಂಗ್’ ಎಂಬ ಶುಲ್ಕವಂತೂ ಮೋಟಾರು ವಾಹನ ನಿಯಮಗಳಲ್ಲಿಲ್ಲ. ಹಾಗೆಂದು ಸೌಜನ್ಯದಿಂದ ಹೇಳಿದರೆ ಬಹುತೇಕ ಕಡೆ ಅದು ಮಾಯವಾಗುತ್ತದೆ. ಬಿಡಿಭಾಗದ ಪಟ್ಟಿಯಲ್ಲಿ ಹೆಲ್ಮೆಟ್‌ಗೆ ದರ ಹಾಕಿದ್ದರೂ ಪ್ರಶ್ನಿಸಬೇಕು, ಏಕೆಂದರೆ ದ್ವಿಚಕ್ರ ವಾಹನದ ಜೊತೆ ಅದನ್ನು ತಯಾರಕರೇ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ.

ಮೇಲಿನ ಕೊಟೇಶನ್‌ನಲ್ಲಿ ಹ್ಯಾಂಡ್ಲಿಂಗ್, ವಾರಂಟಿ, 3,000 ರೂಪಾಯಿಯ ಬಿಡಿಭಾಗ ತೆಗೆಸಿ, ವಿಮೆಯಲ್ಲಿ 1,600 ಇಳಿಸಿ, ಸಾಲ ರಕ್ಷಣೆ ವಿಮೆ ಬೇಡವೆಂದರೆ ಸಾಲ 89,800ಕ್ಕೆ ಇಳಿಯುತ್ತದೆ. ಬಡ್ಡಿದರ ಅದೇ ಇದ್ದರೂ ಕಂತು 3,168. ತಿಂಗಳಿಗೆ 360 ಎಂದರೆ ಸಣ್ಣದೆನಿಸುತ್ತದೆ. ಮೂರು ವರ್ಷಕ್ಕೆ ಅದು 12,960. ಇದರ ಅರ್ಥ ಎಲ್ಲ ಆಡ್‌ಆನ್‌ಗಳೂ ದಂಡ ಎಂದಲ್ಲ. ಒಬ್ಬರ ದುಡಿಮೆಯಲ್ಲೇ ಸಂಸಾರ ನಡೆಯುವ ಮನೆಯಲ್ಲಿ ಸಾಲ ರಕ್ಷಣೆ ಬೇಕೆನಿಸಬಹುದು, ಆದರೆ ಅದೇ ಹಣಕ್ಕೆ ಸಿಗುವ ಟರ್ಮ್ ವಿಮೆಯ ದರವನ್ನೊಮ್ಮೆ ನೋಡುವುದು ಒಳ್ಳೆಯದು.

ಸಹಿಯಾದ ಮೇಲೆ ದಾರಿ ಕಿರಿದಾಗುತ್ತದೆ. ಜೀವವಿಮೆಯ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಹಿಂದಿರುಗಿಸಬಹುದು. ಕೇಳದೆ ಹಾಕಿದ ಶುಲ್ಕಕ್ಕೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶೋರೂಮಿನ ಬಗ್ಗೆಯಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಇವೆಲ್ಲಕ್ಕೂ ಕಾಗದ ಬೇಕು: ಸೀಲು ಹಾಕಿದ ಕೊಟೇಶನ್, ಕೀ ಫ್ಯಾಕ್ಟ್ಸ್ ಹಾಳೆ, ಪ್ರತಿ ಮೊತ್ತಕ್ಕೂ ಬಿಲ್ಲು. ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಟ್ಟ ಲೆಕ್ಕ ದೂರಿನಲ್ಲಿ ನಿಲ್ಲುವುದು ಕಷ್ಟ.